ಒಂದು ಗಂಟೆಯ ಪಾಠ, ಎರಡು ಹಾಳೆ

ತಲಘಟ್ಟಪುರದ ನಮ್ಮ ಮನೆಯ ಊಟದ ಟೇಬಲ್ ಭಾನುವಾರ ಮಧ್ಯಾಹ್ನ ಪಾಠಶಾಲೆ ಆಗಿಬಿಡುತ್ತೆ. ಚಿಕ್ಕಮ್ಮನ ಮಗ ವಿಟಿಯು ಕಾಲೇಜೊಂದರಲ್ಲಿ ನಾಲ್ಕನೇ ಸೆಮಿಸ್ಟರ್. ಅಲ್ಗಾರಿದಮ್ಸ್ ಪೇಪರ್ ಅಂದ್ರೆ ಅವನಿಗೆ ಭಯ. "ಅಕ್ಕಾ, ಕ್ಲಾಸಲ್ಲಿ ಕೂತಾಗ ಎಲ್ಲ ಅರ್ಥ ಆಗುತ್ತೆ, ಮನೆಗೆ ಬಂದು ನೋಟ್ಸ್ ತೆಗೆದ್ರೆ ಏನೂ ಇರಲ್ಲ" ಅಂತಾನೆ. ಸಾರ್ಟಿಂಗ್ ಬಗ್ಗೆ ಅವನು ಬರ್ಕೊಂಡಿದ್ದು ಹನ್ನೊಂದು ಪುಟ. ಅದನ್ನ ನಾವು ಎರಡು ಎ4 ಹಾಳೆಗೆ ಇಳಿಸಿದ್ವಿ. ಒಂದು ಇನ್ಸರ್ಷನ್ ಸಾರ್ಟ್‌ಗೆ, ಇನ್ನೊಂದು ಮರ್ಜ್ ಸಾರ್ಟ್‌ಗೆ. ಎಡಗಡೆ ಸ್ಯೂಡೋಕೋಡ್, ಬಲಗಡೆ ಫ್ಲೋಚಾರ್ಟ್, ಕೆಳಗೆ ಲೆಕ್ಕ.

ಇನ್ಸರ್ಷನ್ ಸಾರ್ಟ್ ನಿಮಗೆ ಗೊತ್ತಿರೋದೇ. ಇಸ್ಪೀಟ್ ಆಡುವಾಗ ಎಲೆ ಜೋಡಿಸೋ ರೀತಿ: ಹೊಸ ಎಲೆ ಕೈಗೆ ಬಂದಾಗ, ಅದಕ್ಕಿಂತ ದೊಡ್ಡವನ್ನ ಬಲಕ್ಕೆ ಸರಿಸಿ ಜಾಗ ಮಾಡ್ತೀವಿ. ಹಾಳೆಯ ಎಡಭಾಗ ಹೀಗಿತ್ತು:

```
1  for i = 1 to n-1
2      key = A[i]
3      j = i
4      while j > 0 and A[j-1] > key
5          A[j] = A[j-1]
6          j = j - 1
7      A[j] = key
```

ಸಾಲುಗಳಿಗೆ ನಂಬರ್ ಹಾಕಿರೋದು ಅಂದಕ್ಕಲ್ಲ. ಫ್ಲೋಚಾರ್ಟ್‌ನ ಪ್ರತಿ ಪೆಟ್ಟಿಗೆಯ ಮೂಲೆಯಲ್ಲೂ ಅದೇ ನಂಬರ್ ಬರೀಬೇಕು. ಹಾಗೆ ಬರೆಯೋಕೆ ಕೂತಾಗಲೇ ಗೊತ್ತಾಗೋದು, ಏಳು ಸಾಲಿಗೆ ಏಳು ಪೆಟ್ಟಿಗೆ ಸಾಲಲ್ಲ ಅಂತ. ಒಂದನೇ ಸಾಲಿನ `for` ಒಳಗೆ ಮೂರು ಕೆಲಸ ಅಡಗಿದೆ: `i` ಅನ್ನು 1 ಮಾಡೋದು, `i` ಇನ್ನೂ n ಮುಟ್ಟಿಲ್ಲವಾ ಅಂತ ಕೇಳೋದು, ಸುತ್ತಿನ ಕೊನೆಗೆ ಒಂದು ಕೂಡೋದು. ಚಾರ್ಟ್‌ನಲ್ಲಿ ಇವು ಎರಡು ಆಯತ, ಒಂದು ವಜ್ರಾಕೃತಿ. ನಾಲ್ಕನೇ ಸಾಲಿನ `and` ಒಂದೇ ವಜ್ರ ಅಲ್ಲ, ಎರಡು. ಮೊದಲು `j > 0`, ಅದಕ್ಕೆ "ಹೌದು" ಅಂತ ಬಂದರೆ ಮಾತ್ರ `A[j-1] > key`.

ಈ ಎರಡು ವಜ್ರಗಳ ಕ್ರಮ ಅದಲುಬದಲಾದ್ರೆ ಏನಾಗುತ್ತೆ? ಹೊಸ ಎಲೆ ಎಲ್ಲಕ್ಕಿಂತ ಚಿಕ್ಕದಾಗಿದ್ರೆ `j` ಸೊನ್ನೆಗೆ ಇಳಿಯುತ್ತೆ, ಆಗ ಪ್ರೋಗ್ರಾಂ `A[-1]` ನೋಡೋಕೆ ಹೋಗುತ್ತೆ. ಜಾವಾ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತೆ. ಸಿ ಅರೇಯ ಹೊರಗಿನ ಮೆಮೊರಿ ಓದೋಕೆ ಹೋಗುತ್ತೆ. ಪೈಥಾನ್‌ನಲ್ಲಿ `A[-1]` ಅಂದ್ರೆ ಕೊನೆಯ ಅಂಶ, ಹಾಗಾಗಿ ಏನೂ ಆಗದ ಹಾಗೆ ಸರಿಯಾದ ಉತ್ತರವೇ ಬರುತ್ತೆ. ಪೈಥಾನ್‌ನಲ್ಲಿ ಓಡ್ತು ಅಂದ ಮಾತ್ರಕ್ಕೆ ಚಾರ್ಟ್ ಸರಿ ಅಂತ ಹೇಳೋಕಾಗಲ್ಲ.

ಇನ್ನು ಬಾಣಗಳು. ತಮ್ಮ ಬರೆದ ಮೊದಲ ಚಾರ್ಟ್‌ನಲ್ಲಿ ಆರನೇ ಪೆಟ್ಟಿಗೆಯಿಂದ ಹಿಂದಕ್ಕೆ ಹೋಗೋ ಬಾಣ, ನಾಲ್ಕನೆಯದಕ್ಕೆ ಹೋಗೋ ಬದಲು ಎರಡನೆಯದಕ್ಕೆ ಹೋಗಿತ್ತು. ನೋಡೋಕೆ ಚಾರ್ಟ್ ಅಚ್ಚುಕಟ್ಟಾಗೇ ಇತ್ತು. 7, 3, 9, 4 ಇಟ್ಟು, ಬೆರಳಿಟ್ಟು ಓಡಿಸು ಅಂದೆ. `key` 3 ಆಗುತ್ತೆ, 7 ದೊಡ್ಡದು, ಅದನ್ನ ಬಲಕ್ಕೆ ಸರಿಸಿದ. ಆಮೇಲೆ ಬಾಣ ಎರಡನೇ ಪೆಟ್ಟಿಗೆಗೆ ಕರ್ಕೊಂಡು ಹೋಯ್ತು. ಅಲ್ಲಿ `key` ಮತ್ತೆ `A[i]` ಓದಿದಾಗ ಅಲ್ಲಿರೋದು 7. 3 ಎಲ್ಲೂ ಉಳಿದಿಲ್ಲ. ಹೀಗೇ ಮುಂದುವರಿಸಿದ್ರೆ 4 ಕೂಡ ಮಾಯ, ಕೊನೆಗೆ ಬಂದಿದ್ದು 7, 7, 9, 9.

ಇದರಲ್ಲಿ ಕಣ್ಣಿಗೆ ಮಣ್ಣೆರಚೋ ವಿಷಯ ಏನು ಗೊತ್ತಾ? ಈ ಉತ್ತರ ಏರಿಕೆ ಕ್ರಮದಲ್ಲೇ ಇದೆ! ಸಾಲಾಗಿದೆಯಾ ಅಂತ ಮಾತ್ರ ನೋಡಿದ್ರೆ ಪಾಸ್. ಆದ್ದರಿಂದ ಹಾಳೆಯ ಅಂಚಿನಲ್ಲಿ ಎರಡು ಪ್ರಶ್ನೆ ಬರೆದ್ವಿ: ಸಾಲಾಗಿದೆಯಾ? ಕೊಟ್ಟ ಸಂಖ್ಯೆಗಳೆಲ್ಲ ಹಾಗೇ ಇವೆಯಾ? ಸಾರ್ಟಿಂಗ್‌ಗೆ ಎರಡೂ ಬೇಕು.

ಬಾಣ ಸರಿ ಮಾಡಿದ ಮೇಲೆ ಅದೇ ನಾಲ್ಕು ಸಂಖ್ಯೆ ಮತ್ತೆ ಓಡಿಸಿದ್ವಿ. ಈ ಸಲ ಎರಡನೇ ವಜ್ರದ ಮೇಲೆ, ಅಂದ್ರೆ `A[j-1] > key` ಮೇಲೆ, ಪೆನ್ಸಿಲ್‌ನಲ್ಲಿ ಗೆರೆ ಎಳೀತಾ ಹೋಗೋದು. 3ಕ್ಕೆ ಒಂದು ಹೋಲಿಕೆ, 9ಕ್ಕೆ ಒಂದು, 4ಕ್ಕೆ ಮೂರು. ಒಟ್ಟು ಐದು. ಕಾಂಪ್ಲೆಕ್ಸಿಟಿ ಅಂದ್ರೆ ಈ ಗೆರೆಗಳ ಲೆಕ್ಕವೇ. ಸಂಖ್ಯೆಗಳು ಮೊದಲೇ ಸಾಲಾಗಿದ್ರೆ ಪ್ರತಿ ಸುತ್ತಿಗೂ ಒಂದೇ ಗೆರೆ, ಒಟ್ಟು n−1. ಪೂರ್ತಿ ಉಲ್ಟಾ ಇದ್ರೆ 1 + 2 + 3 ಅಂತ ಬೆಳೆದು n(n−1)/2. ನಾಲ್ಕು ಸಂಖ್ಯೆಗೆ ಅದು 3 ಮತ್ತು 6. ನಮ್ಮ 5 ಅವುಗಳ ಮಧ್ಯೆ ಕೂತಿದೆ. O(n) ಮತ್ತು O(n²) ಎಲ್ಲಿಂದ ಬಂತು ಅಂತ ಬಾಯಿಪಾಠ ಮಾಡೋ ಅಗತ್ಯವೇ ಬೀಳಲ್ಲ, ವಜ್ರದ ಪಕ್ಕದಲ್ಲೇ ಇದೆ.

ಎರಡನೇ ಹಾಳೆಗೆ ಬಂದಾಗ ಫ್ಲೋಚಾರ್ಟ್ ಕೈಕೊಡ್ತು. ಮರ್ಜ್ ಸಾರ್ಟ್ ಪಟ್ಟಿಯನ್ನ ಅರ್ಧ ಮಾಡಿ, ಎರಡು ಅರ್ಧಕ್ಕೂ ತನ್ನನ್ನೇ ಮತ್ತೆ ಕರೆಯುತ್ತೆ. ಚಾರ್ಟ್‌ನಲ್ಲಿ "ಇದೇ ಚಾರ್ಟ್ ಮತ್ತೆ ಓಡಿಸು" ಅಂತ ಒಂದು ಪೆಟ್ಟಿಗೆ ಹಾಕಬಹುದು, ಆದ್ರೆ ಹಿಂದಿರುಗಿ ಎಲ್ಲಿಗೆ ಬರಬೇಕು ಅನ್ನೋದನ್ನ ಬಾಣ ಹೇಳಲ್ಲ. ಅದಕ್ಕೆ ಅಲ್ಲಿ ಮರದ ಚಿತ್ರ ಬರೆದ್ವಿ: ಮೇಲೆ 8, ಕೆಳಗೆ 4 ಮತ್ತು 4, ಅದರ ಕೆಳಗೆ ನಾಲ್ಕು 2, ಕೊನೆಗೆ ಎಂಟು 1. ಕೂಡಿಸುತ್ತಾ ಮೇಲೆ ಬರೋಕೆ ಮೂರು ಹಂತ, ಪ್ರತಿ ಹಂತದಲ್ಲೂ ಎಂಟು ಸಂಖ್ಯೆಗಳನ್ನ ಒಮ್ಮೆ ಮುಟ್ಟೋದು. n ಸಲ log n ಅಂದ್ರೆ ಇದೇ. ಎರಡು ಸಾಲಾದ ಭಾಗಗಳನ್ನ ಕೂಡಿಸೋ ಕೆಲಸ ಮಾತ್ರ ಸರಳ ಲೂಪ್, ಅದಕ್ಕೆ ಚಾರ್ಟ್ ಚೆನ್ನಾಗಿ ಹೊಂದುತ್ತೆ.

ಕೆಳಗಿನ ಹೋಲಿಕೆ ಪಟ್ಟಿಗೆ O(n²), O(n log n) ಅಂತಷ್ಟೇ ಬರೆಯದೆ, ಅತಿ ಹೆಚ್ಚು ಎಷ್ಟು ಹೋಲಿಕೆ ಬೇಕಾಗಬಹುದು ಅಂತ ಅಂಕಿ ಹಾಕಿದ್ವಿ:

| n | ಇನ್ಸರ್ಷನ್ | ಮರ್ಜ್ |
|---|---|---|
| 10 | 45 | 25 |
| 100 | 4,950 | 573 |
| 1,000 | 4,99,500 | 8,977 |

ಹತ್ತಕ್ಕೆ ಎರಡರಷ್ಟೂ ವ್ಯತ್ಯಾಸ ಇಲ್ಲ, ಸಾವಿರಕ್ಕೆ ಐವತ್ತೈದು ಪಟ್ಟು. ಆದ್ರೆ ಪಟ್ಟಿಯ ಕೆಳಗೆ ಎರಡು ಸಾಲು ಸೇರಿಸಲೇಬೇಕಿತ್ತು. ಒಂದು, ಮರ್ಜ್ ಸಾರ್ಟ್‌ಗೆ ಸಾಮಾನ್ಯವಾಗಿ n ಅಂಶಗಳಷ್ಟು ಇನ್ನೊಂದು ಜಾಗ ಬೇಕು, ಇನ್ಸರ್ಷನ್‌ಗೆ ಬೇಡ. ಎರಡು, ಸಾವಿರ ಸಂಖ್ಯೆ ಮೊದಲೇ ಸಾಲಾಗಿದ್ರೆ ಇನ್ಸರ್ಷನ್‌ಗೆ ಬರೀ 999 ಹೋಲಿಕೆ ಸಾಕು. ಮಾಮೂಲಿ ಮರ್ಜ್ ಸಾರ್ಟ್ ಆಗಲೂ ಸಾವಿರಾರು ಹೋಲಿಕೆ ಮಾಡುತ್ತೆ.

"ಹಾಗಾದ್ರೆ ಯಾವುದು ಒಳ್ಳೇದಕ್ಕಾ?" ಅಂದ. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗಾಗಿ ಬರೆದ ಟಿಮ್‌ಸಾರ್ಟ್ ಇವೆರಡನ್ನೂ ಬಳಸುತ್ತೆ. ಚಿಕ್ಕ ತುಂಡುಗಳನ್ನ ಇನ್ಸರ್ಷನ್ ಸಾರ್ಟ್‌ನ ಒಂದು ರೂಪದಿಂದ ಸಾಲು ಮಾಡಿ, ಆ ತುಂಡುಗಳನ್ನ ಮರ್ಜ್ ಮಾಡುತ್ತೆ. ಡೇಟಾದಲ್ಲಿ ಮೊದಲೇ ಸಾಲಾಗಿರೋ ಭಾಗ ಸಿಕ್ಕರೆ ಅದನ್ನ ಹಾಗೇ ಉಳಿಸಿಕೊಳ್ಳುತ್ತೆ. ಪಟ್ಟಿಯ ಮೊದಲ ಸಾಲು ಮತ್ತು ಕೊನೆ ಸಾಲನ್ನ ಒಟ್ಟಿಗೆ ಓದಿದವರಿಗೆ ಇದು ಯಾಕೆ ಅಂತ ಹೇಳಿಕೊಡಬೇಕಾಗಿಲ್ಲ.

ನಿಮ್ಮ ಮನೆಯಲ್ಲೂ ಈ ಪೇಪರ್ ಬರೆಯೋರು ಇದ್ರೆ ಒಂದು ಕೆಲಸ ಮಾಡಿಸಿ. ಹಾಳೆ ಮುಗಿದ ಮೇಲೆ ಸ್ಯೂಡೋಕೋಡ್ ಭಾಗ ಮಡಚಿಟ್ಟು, ಬರೀ ಚಾರ್ಟ್ ನೋಡಿ ಮತ್ತೆ ಏಳು ಸಾಲು ಬರೆಯೋಕೆ ಹೇಳಿ. ಎಲ್ಲಿ ಪೆನ್ ನಿಲ್ಲುತ್ತೋ, ಆ ನಂಬರಿನ ಪೆಟ್ಟಿಗೆಯಲ್ಲೇ ಅವರ ಅನುಮಾನ ಇದೆ. ನಮ್ಮವನದ್ದು ನಾಲ್ಕರಲ್ಲಿ ನಿಂತಿತ್ತು.