ಚಿತ್ರ ಚೆಂದವಾಯಿತು, ನಾಮಫಲಕ ಕೆಟ್ಟಿತು

ಹೊರನಾಡಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಆಮಂತ್ರಣ ಪತ್ರಿಕೆಗಳಲ್ಲಿ ಈಚೆಗೆ ಹೊಸದೊಂದು ಚಾಳಿ ಕಾಣುತ್ತಿದೆ. ಸಂಘದ ಕಟ್ಟಡದ ಫೋಟೊವನ್ನು ಎಐ ತಂತ್ರಾಂಶಕ್ಕೆ ಕೊಟ್ಟು ಜಲವರ್ಣ ಚಿತ್ರದಂತೆ ಮಾಡಿಸುವುದು. ಗೋಡೆ, ಮರ, ಮೆಟ್ಟಿಲು ಎಲ್ಲವೂ ಸೊಗಸಾಗಿ ಮೂಡುತ್ತವೆ. ನಾಮಫಲಕದ ಮೇಲೆ ಮಾತ್ರ ಕನ್ನಡದಂತೆ ಕಾಣುವ, ಆದರೆ ಯಾವ ಭಾಷೆಯೂ ಅಲ್ಲದ ಗೀಚು ಉಳಿಯುತ್ತದೆ. ಪುಣೆಯ ಅಥವಾ ಮುಂಬೈಯ ವಿನ್ಯಾಸಗಾರನಿಗೆ ಕನ್ನಡ ಓದಲು ಬಾರದ ಕಾರಣ ಅದು ಅವನ ಕಣ್ಣಿಗೆ ಬೀಳುವುದಿಲ್ಲ. ಅದು ಹಾಗೆಯೇ ಅಚ್ಚಾಗುತ್ತದೆ.

ಇದು ಯಾಕಾಗುತ್ತದೆ? ಇಂಥ ತಂತ್ರಾಂಶ ಫೋಟೊದ ಮೇಲೆ ಬಣ್ಣ ಬಳಿಯುವುದಿಲ್ಲ. ಅದನ್ನು ಕುಗ್ಗಿಸಿ, ಅಳಿಸಿ, ಹೊಸದಾಗಿ ಬರೆಯುತ್ತದೆ. ಒಂದು ಲೆಕ್ಕ ನೋಡೋಣ. ಮೊಬೈಲ್ ಫೋಟೊದ ಅಗಲ 4,000 ಪಿಕ್ಸೆಲ್, ಅದರಲ್ಲಿ ಫಲಕದ ಅಗಲ 600, ಅಕ್ಷರದ ಎತ್ತರ 80 ಎಂದಿಟ್ಟುಕೊಳ್ಳಿ. ಫೋಟೊವನ್ನು 1,024 ಪಿಕ್ಸೆಲ್‌ಗೆ ಇಳಿಸಿದರೆ ಅಕ್ಷರಕ್ಕೆ ಉಳಿಯುವುದು ಸುಮಾರು 20. ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳು ಪ್ರತಿ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕವನ್ನು ಒಂದೇ ಮನೆಯಾಗಿ ಅಡಕ ಮಾಡುತ್ತವೆ. ಅಂದರೆ ಇಡೀ ಅಕ್ಷರಕ್ಕೆ ಎರಡೂವರೆ ಮನೆಯ ಎತ್ತರ, ಕೆಳಗಿನ ಒತ್ತಿಗೆ ಒಂದು ಮನೆ ಸಿಕ್ಕರೆ ಹೆಚ್ಚು. ‘ಕನ್ನಡ ಸಂಘ ಗ್ರಂಥಾಲಯ’ ಎಂಬ ಫಲಕದಲ್ಲಿ ‘ನ್ನ’ದ ಒತ್ತು, ‘ಥ’ದ ಹೊಟ್ಟೆಯೊಳಗಿನ ಚುಕ್ಕೆ, ‘ಗ್ರ’ದ ಕೊಂಡಿ ಅಲ್ಲಿಯೇ ಕರಗುತ್ತವೆ. ಕಳೆದುಹೋದದ್ದನ್ನು ಯಂತ್ರ ಊಹಿಸಿ ತುಂಬುತ್ತದೆ. ಅದಕ್ಕೆ ಅಕ್ಷರವೂ ಎಲೆಯಂತೆ, ಇಟ್ಟಿಗೆಯಂತೆ ಒಂದು ಆಕಾರ ಮಾತ್ರ.

ಮೊದಲು ಹೊಳೆಯುವ ಪರಿಹಾರ, ಬದಲಾವಣೆಯ ಪ್ರಮಾಣ ತಗ್ಗಿಸುವುದು. ‘ಡಿನಾಯ್ಸಿಂಗ್’ ಎಂಬ ಆ ಅಳತೆಯನ್ನು 0.7ರಿಂದ 0.3ಕ್ಕೆ ಇಳಿಸಿದರೆ ದೊಡ್ಡ ಅಕ್ಷರಗಳು ಬಹುಪಾಲು ಉಳಿಯುತ್ತವೆ, ಆದರೆ ಜಲವರ್ಣದ ಗುಣವೂ ಅಷ್ಟೇ ಕಡಿಮೆಯಾಗುತ್ತದೆ. ಸಣ್ಣ ಅಕ್ಷರ ಆಗಲೂ ಉಳಿಯುವುದಿಲ್ಲ. ಕೆಟ್ಟ ಫಲಕವನ್ನೇ ಮತ್ತೆ ಯಂತ್ರಕ್ಕೆ ಕೊಟ್ಟು ‘ಸರಿಮಾಡು’ ಎನ್ನುವುದಂತೂ ವ್ಯರ್ಥ. ಮೂಲ ಅಕ್ಷರದ ಸುಳಿವು ಆ ಚಿತ್ರದಲ್ಲಿ ಇಲ್ಲವೇ ಇಲ್ಲ.

ನಂಬಬಹುದಾದ ದಾರಿ ಎಂದರೆ ಅಕ್ಷರದ ಕೆಲಸವನ್ನು ಯಂತ್ರದಿಂದ ಬಿಡಿಸಿಕೊಳ್ಳುವುದು. ಚಿತ್ರವನ್ನು ಮೊದಲು ಮುದ್ರಣದ ಅಳತೆಗೆ ಹಿಗ್ಗಿಸಿಕೊಳ್ಳಿ. ಎ4 ಮುಖಪುಟಕ್ಕೆ 300 ಡಿಪಿಐ ಲೆಕ್ಕದಲ್ಲಿ ಅಗಲ 2,480 ಪಿಕ್ಸೆಲ್ ಬೇಕು. ಅಕ್ಷರ ಕೂರಿಸಿದ ಮೇಲೆ ಹಿಗ್ಗಿಸಿದರೆ ಅದರ ಅಂಚು ಮಸುಕಾಗುತ್ತದೆ. ನಂತರ ಮೂಲ ಫೋಟೊವನ್ನು ಅದೇ ಅಳತೆಗೆ ತಂದು ಮೇಲಿನ ಪದರವಾಗಿ ಇಟ್ಟು, ಫಲಕದ ಭಾಗ ಮಾತ್ರ ಕಾಣುವಂತೆ ಮಾಸ್ಕ್ ಹಾಕಿ. ನಮ್ಮ ಲೆಕ್ಕದ ಫಲಕದಲ್ಲಿ ಅಕ್ಷರ ಈಗ ಸುಮಾರು 50 ಪಿಕ್ಸೆಲ್, ಅಂದರೆ ಅಚ್ಚಿನಲ್ಲಿ 4 ಮಿಲಿಮೀಟರ್, ನಿರಾಯಾಸವಾಗಿ ಓದಬಹುದು. ಬಣ್ಣವನ್ನು ಸುತ್ತಲಿನದಕ್ಕೆ ಹೊಂದಿಸಿ, ಮಾಸ್ಕ್‌ನ ಅಂಚನ್ನು ತುಸು ಮೆದುಗೊಳಿಸಿದರೆ ಸಾಕು.

ಮೂಲ ಫೋಟೊದಲ್ಲಿಯೇ ಫಲಕ ಮಸುಕಾಗಿದ್ದರೆ ಹೊಸದಾಗಿ ಟೈಪ್ ಮಾಡಬೇಕು. ಹಳೆಯ ಅಕ್ಷರಗಳನ್ನು ಫಲಕದ ಬಣ್ಣದಿಂದ ಮುಚ್ಚಿ, ಬಲೂ ತಮ್ಮ ಅಥವಾ ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್‌ನಲ್ಲಿ ಬರೆದು, ಪರ್ಸ್‌ಪೆಕ್ಟಿವ್ ಉಪಕರಣದಿಂದ ಫಲಕದ ನಾಲ್ಕು ಮೂಲೆಗೆ ಕೂರಿಸಿ. ಇಲ್ಲಿ ಇನ್ನೊಂದು ಹಳ್ಳವಿದೆ. ಫೋಟೊಶಾಪ್‌ನ ಅಕ್ಷರ ಜೋಡಣೆ ಭಾರತೀಯ ಲಿಪಿಗೆ ಹೊಂದಿಕೊಂಡಿರದಿದ್ದರೆ ಒತ್ತು ಕೆಳಗಿಳಿಯದೆ ‘ಕನ್‌ನಡ’ ಎಂದು ಒಡೆದು ನಿಲ್ಲುತ್ತದೆ. ಹಳೆಯ ಆವೃತ್ತಿಗಳ ಟೈಪ್ ಆಯ್ಕೆಗಳಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿದರೆ ಇದು ಸರಿಹೋಗುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ.

ತಂತ್ರಕ್ಕಿಂತ ಮುಖ್ಯವಾದದ್ದು ಕೊನೆಯ ಪರಿಶೀಲನೆ. ಇಡೀ ಚಿತ್ರವನ್ನು ಪರದೆಯ ಮೇಲೆ ಒಟ್ಟಾಗಿ ನೋಡಿದರೆ ತಪ್ಪು ತಿಳಿಯದು, ಏಕೆಂದರೆ ಏನಿರಬೇಕೆಂದು ಗೊತ್ತಿರುವ ಕಣ್ಣು ಅದನ್ನೇ ಓದಿಬಿಡುತ್ತದೆ. ಫಲಕವನ್ನು ಮಾತ್ರ ಕತ್ತರಿಸಿ, ಆ ಕಟ್ಟಡ ನೋಡಿರದ ಕನ್ನಡಿಗರೊಬ್ಬರಿಗೆ ಕಳುಹಿಸಿ, ‘ಏನು ಬರೆದಿದೆ?’ ಎಂದು ಕೇಳಬೇಕು. ಅವರು ಅಕ್ಷರಕ್ಕೆ ಅಕ್ಷರ ಓದಿದರೆ ಮಾತ್ರ ಅಚ್ಚಿಗೆ ಹೋಗಲಿ. ದಾರಿಯ ಹಿನ್ನೆಲೆಯಲ್ಲಿರುವ ಅಂಗಡಿ ಫಲಕಗಳಿಗೂ ಇದೇ ನಿಯಮ. ಓದಿಸಲಾಗದ ಫಲಕವನ್ನು ಖಾಲಿ ಬಿಡುವುದು ಸುಳ್ಳು ಅಕ್ಷರ ಬಿಡುವುದಕ್ಕಿಂತ ಮೇಲು.

ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಲಿಪಿ ಕಾಣಸಿಗುವ ಜಾಗಗಳೇ ಕೆಲವು. ಸಂಘದ ಮುಖಪುಟ ಅವುಗಳಲ್ಲಿ ಒಂದು. ಓದಲು ಕಲಿಯುತ್ತಿರುವ ಮಗು ಆ ಗೀಚಿನ ಮುಂದೆ ತಡವರಿಸಿ, ತನಗೇ ಕನ್ನಡ ಬರುವುದಿಲ್ಲ ಎಂದುಕೊಳ್ಳಬಾರದು. ಮುದ್ರಣಕ್ಕೆ ಒಪ್ಪಿಗೆ ಕೊಡುವ ಪದಾಧಿಕಾರಿಗಳು ಸಹಿ ಹಾಕುವ ಮುನ್ನ ಫಲಕವನ್ನು ಗಟ್ಟಿಯಾಗಿ ಓದಲಿ.