ಹಸಿರು ಕ್ಯಾಂಡಲ್ ಕಂಡು ಮೋಸಹೋಗಬೇಡಿ!

ಸತ್ತೂರಿನ ನನ್ನ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಮೊನ್ನೆ ಬೆಳಗ್ಗೆ ಹತ್ತು ಗಂಟೆಗೆ ಮೊಬೈಲು ಹಿಡಿದು ಬಂದ. "ಹಸರ ಬಂದೈತ್ರಿ ಮಾಲಕ್ರ, ತಗೊಂಡಬಿಡ್ಲಿ?" ಎಂದ. ಹಾಕಹೊರಟಿದ್ದು ಅದೇ ತಿಂಗಳ ಪಗಾರ. ಜೀವನದ ಮೊದಲ ಷೇರು. "ನಿನ್ನೆ ಎಷ್ಟಕ್ಕ ಮುಗಿದಿತ್ತಪಾ?" ಎಂದು ಕೇಳಿದೆ. ಅದನ್ನವನು ನೋಡಿರಲೇ ಇಲ್ಲ.

ಹಸಿರು ಎಂದರೆ ಏರಿದೆ, ಕೆಂಪು ಎಂದರೆ ಇಳಿದಿದೆ ಎಂದು ನೀವೂ ನಂಬಿದ್ದೀರಿ. ಆದರೆ ಯಾವುದಕ್ಕಿಂತ ಏರಿದೆ? ಇಲ್ಲೇ ಇರುವುದು ಮೋಸ. ಆ್ಯಪ್ ಮೋಸ ಮಾಡುತ್ತಿಲ್ಲ, ಓದಲು ಬಾರದ ನಮ್ಮ ಆತುರ ಮೋಸ ಮಾಡುತ್ತಿದೆ.

ದಿನದ ಕ್ಯಾಂಡಲ್ ಎಂದರೆ ನಾಲ್ಕೇ ನಾಲ್ಕು ಅಂಕಿ. ಕ್ಯಾಂಡಲ್ ಮೇಲೆ ಬೆರಳಿಟ್ಟರೆ O, H, L, C ಎಂದು ಕಾಣುತ್ತದೆ. O ಎಂದರೆ ಬೆಳಗ್ಗೆ ತೆರೆದ ಬೆಲೆ. H ದಿನದ ಗರಿಷ್ಠ, L ಕನಿಷ್ಠ. C ಎಂದರೆ ಮುಗಿದ ಬೆಲೆ. ದಪ್ಪ ಭಾಗ ತೆರೆದ ಬೆಲೆಯಿಂದ ಮುಗಿದ ಬೆಲೆಯವರೆಗೆ. ಮೇಲೆ ಕೆಳಗೆ ಚಾಚಿದ ಸಣ್ಣ ಗೆರೆಗಳು ಗರಿಷ್ಠ, ಕನಿಷ್ಠ ಮುಟ್ಟಿದ ಗುರುತು. ಬಣ್ಣ ಹೇಳುವುದು ಒಂದೇ ಮಾತು: ತೆರೆದುದಕ್ಕಿಂತ ಮೇಲೆ ಮುಗಿದರೆ ಹಸಿರು, ಕೆಳಗೆ ಮುಗಿದರೆ ಕೆಂಪು. ನಿನ್ನೆಯ ಬೆಲೆಗೂ ಆ ಬಣ್ಣಕ್ಕೂ ಸಂಬಂಧವೇ ಇಲ್ಲ!

ನಮ್ಮ ಬೆಂಗಳೂರಿನ ಇನ್ಫೋಸಿಸ್ ಷೇರನ್ನೇ ನೋಡಿ. 2023ರ ಏಪ್ರಿಲ್ 13, ಗುರುವಾರ ಅದು ಸುಮಾರು 1,390 ರೂಪಾಯಿಗೆ ಮುಗಿದಿತ್ತು. ಪೇಟೆ ಮುಚ್ಚಿದ ಮೇಲೆ ಕಂಪನಿಯ ಫಲಿತಾಂಶ ಬಂತು, ನಿರೀಕ್ಷೆಗಿಂತ ಕಡಿಮೆ. ಮರುದಿನ ಅಂಬೇಡ್ಕರ್ ಜಯಂತಿಯ ರಜೆ, ಆಮೇಲೆ ಶನಿವಾರ, ಭಾನುವಾರ. 17ರ ಸೋಮವಾರ ಪೇಟೆ ತೆರೆದಾಗ ಷೇರು ದಬ್ಬನೆ ಕೆಳಗೆ ಬಿದ್ದಿತ್ತು. ದಿನದ ಕೊನೆಗೆ ಸುಮಾರು 1,260. ಶೇಕಡಾ 9ಕ್ಕಿಂತ ಹೆಚ್ಚು ನಷ್ಟ.

ಇಂಥ ದಿನ ಷೇರು 1,250ಕ್ಕೆ ತೆರೆದು 1,260ಕ್ಕೆ ಮುಗಿಯಿತು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಕ್ಯಾಂಡಲ್ ಯಾವ ಬಣ್ಣ? ಹಸಿರು! ಏಕೆಂದರೆ ತೆರೆದುದಕ್ಕಿಂತ 10 ರೂಪಾಯಿ ಮೇಲಿದೆ. ಆದರೆ ಗುರುವಾರ ಕೊಂಡವನ ಜೇಬಿನಿಂದ ಒಂದೊಂದು ಷೇರಿಗೆ 130 ರೂಪಾಯಿ ಹೋಗಿದೆ. ಆ ನಷ್ಟ ಕ್ಯಾಂಡಲ್‌ನ ಒಳಗಿಲ್ಲ, ಎರಡು ಕ್ಯಾಂಡಲ್‌ಗಳ ನಡುವಿನ ಖಾಲಿ ಜಾಗದಲ್ಲಿದೆ. ಇದಕ್ಕೆ ಗ್ಯಾಪ್ ಎನ್ನುತ್ತಾರೆ. ಗುರುವಾರದ ಕ್ಯಾಂಡಲ್ ಅದನ್ನು ಮೊದಲೇ ಹೇಳಲಾರದು. ಆದ್ದರಿಂದ ಫಲಿತಾಂಶದ ದಿನ ಯಾವುದೆಂದು ನೋಡದೆ ಮೊದಲ ಆರ್ಡರ್ ಹಾಕಬೇಡಿ.

ಇನ್ನೊಂದು ಎಡವಟ್ಟು. ಹಲವು ಆ್ಯಪ್‌ಗಳಲ್ಲಿ 1D ಎಂಬುದು ಎರಡು ಕಡೆ ಇರುತ್ತದೆ. ಒಂದು ಕಡೆ ಅದರ ಅರ್ಥ "ಇವತ್ತಿನ ಒಂದು ದಿನ ಮಾತ್ರ ತೋರಿಸು". ಇನ್ನೊಂದು ಕಡೆ "ಒಂದು ಕ್ಯಾಂಡಲ್‌ಗೆ ಒಂದು ದಿನ". ನಮಗೆ ಬೇಕಾದದ್ದು ಎರಡನೆಯದು. ಪಕ್ಕಪಕ್ಕದ ಕ್ಯಾಂಡಲ್‌ಗಳ ಮೇಲೆ ಬೆರಳಿಡಿ. ತಾರೀಖು ಬದಲಾದರೆ ಸರಿ. ತಾರೀಖು ಅದೇ ಇದ್ದು ಗಂಟೆ ನಿಮಿಷ ಮಾತ್ರ ಬದಲಾದರೆ ನೀವು ನೋಡುತ್ತಿರುವುದು ದಿನದ ಚಾರ್ಟ್ ಅಲ್ಲ.

ಬೆಳಗ್ಗೆ 9.15ಕ್ಕೆ ವಹಿವಾಟು ಶುರುವಾಗುತ್ತದೆ. ಹತ್ತು ಗಂಟೆಗೆ ಕಾಣುವ ಇವತ್ತಿನ ಕ್ಯಾಂಡಲ್ ಇನ್ನೂ ಮುಗಿದಿಲ್ಲ. ಅಲ್ಲಿರುವ C ಆ ಕ್ಷಣದ ಬೆಲೆ ಅಷ್ಟೇ. ಮಧ್ಯಾಹ್ನದೊಳಗೆ ಹಸಿರು ಕೆಂಪಾಗಬಹುದು. ಪ್ರೆಸ್ಸಿನಲ್ಲಿ ಒಂದೇ ಬಣ್ಣ ಬಿದ್ದ ಹಾಳೆ ನೋಡಿ ಪೋಸ್ಟರ್ ಹೇಗಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಸಂಜೆ ಕುಳಿತು, ಮುಗಿದ ಕ್ಯಾಂಡಲ್‌ಗಳನ್ನು ಓದಿ. ಇವತ್ತಿನ C ಅನ್ನು ನಿನ್ನೆಯ C ಪಕ್ಕ ಕಾಗದದ ಮೇಲೆ ಬರೆಯಿರಿ. ಏರಿತೋ ಇಳಿಯಿತೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಕೊಳ್ಳುವಾಗ Market ಒತ್ತಿದರೆ ಆ ಹೊತ್ತಿಗೆ ಮಾರುವವರು ಹೇಳಿದ ಬೆಲೆಗೆ ಷೇರು ಬರುತ್ತದೆ. Limit ಒತ್ತಿ ನಿಮ್ಮ ಬೆಲೆ ಬರೆದರೆ ಅದಕ್ಕಿಂತ ಒಂದು ಪೈಸೆಯೂ ಹೆಚ್ಚಿಗೆ ಕೊಡಬೇಕಿಲ್ಲ. ಆ ಬೆಲೆ ಸಿಗದಿದ್ದರೆ ಷೇರು ಬರುವುದಿಲ್ಲ, ದುಡ್ಡು ನಿಮ್ಮಲ್ಲೇ ಉಳಿಯುತ್ತದೆ. ಮೊದಲ ಆರ್ಡರ್‌ಗೆ ಒಂದೇ ಒಂದು ಷೇರು ಸಾಕು.

ನಮ್ಮ ಹುಡುಗನ ಷೇರು ಅಂದು ಹಸಿರಾಗಿಯೇ ಇತ್ತು. ಆದರೆ ನಿನ್ನೆಯ C ನೋಡಿದಾಗ ಶೇಕಡಾ ನಾಲ್ಕು ಕೆಳಗಿತ್ತು. ಅವನು ಮೊಬೈಲು ಕಿಸೆಗೆ ಹಾಕಿಕೊಂಡು ಮಷೀನಿನ ಹತ್ತಿರ ಹೋದ. ನೀವು ಗುಂಡಿ ಒತ್ತುವ ಮುನ್ನ ನಿನ್ನೆಯ C ನೋಡಿದ್ದೀರಾ?