ಬೆನ್ನು ತಿರುಗಿಸಿದ್ದ ಆ ನಾಲ್ಕು ನಿಮಿಷ

ಮಾಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಬಿ.ಇಡಿ. ಇಂಟರ್ನ್‌ಶಿಪ್ ಮಾಡುತ್ತಿದ್ದಾಗ ಒಂಬತ್ತನೇ ತರಗತಿಯ ಒಂದು ಗಣಿತದ ಪೀರಿಯಡ್ ನನ್ನ ಕೈಮೀರಿತು. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಟಕ್ ಟಕ್ ಸದ್ದು ಬಂತು. ಒಬ್ಬ ಹುಡುಗ ಜಾಮಿಟ್ರಿ ಬಾಕ್ಸ್ ಬಡಿಯುತ್ತಿದ್ದ. "ಎದ್ದು ನಿಂತ್ಕೋ! ಓದೋಕೆ ಬರ್ತೀಯೋ, ಆಟ ಆಡೋಕೋ?" ಎಂದು ಗದರಿದೆ. "ನಾನೇನ್ ಮಾಡ್ದೆ ಮಿಸ್?" ಎಂದ. ಬೆಂಚೆಲ್ಲ ನಕ್ಕಿತು. ಹೊರಗೆ ನಡಿ ಎಂದೆ, ಅವನು ಕದಲಲಿಲ್ಲ. ಗಂಟೆ ಹೊಡೆದರೂ ಲೆಕ್ಕ ಅರ್ಧದಲ್ಲೇ ನಿಂತಿತ್ತು.

ಕೇಸ್ ಸ್ಟಡಿಯ ಮೊದಲ ಕರಡಿನಲ್ಲಿ ಹುಡುಗನ ತಪ್ಪುಗಳನ್ನೇ ತುಂಬಿದ್ದೆ. ಅದನ್ನು ಓದಿದ ಮಾರ್ಗದರ್ಶಕರು ಕೇಳಿದ್ದು ಒಂದೇ: "ಸದ್ದು ಶುರುವಾಗೋ ಮುಂಚೆ ನೀವೇನ್ ಮಾಡ್ತಿದ್ರಮ್ಮ?" ಪುಟಕ್ಕೆ ಮೂರು ಕಲಂ ಎಳೆಸಿದರು: ಮೊದಲು ಏನಾಯಿತು, ಹುಡುಗ ಏನು ಮಾಡಿದ, ಆಮೇಲೆ ಏನಾಯಿತು. ಮೊದಲ ಕಲಂ ತುಂಬುವಾಗ ನಿಜ ಹೊರಬಿತ್ತು. ಇಡೀ ಲೆಕ್ಕ ಬರೆಯುತ್ತ ನಾಲ್ಕು ನಿಮಿಷ ತರಗತಿಗೆ ಬೆನ್ನು ಹಾಕಿದ್ದೆ. ಮಕ್ಕಳಿಗೆ ಮಾಡಲು ಏನೂ ಕೊಟ್ಟಿರಲಿಲ್ಲ.

ಜೇಕಬ್ ಕೌನಿನ್ 1970ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಇದನ್ನೇ. ಒಬ್ಬನನ್ನು ಗದರಿದರೆ ಅದರ ಅಲೆ ಉಳಿದವರನ್ನೂ ತಾಗುತ್ತದೆ. ಆದರೆ ತರಗತಿ ಹಿಡಿತದಲ್ಲಿರುವುದು ಗದರುವ ರೀತಿಯಿಂದಲ್ಲ. ಎಲ್ಲರ ಮೇಲೂ ಕಣ್ಣಿದೆ ಎಂದು ಮಕ್ಕಳಿಗೆ ಅನ್ನಿಸುವುದರಿಂದ, ಪಾಠ ತಡೆಯಿಲ್ಲದೆ ಸಾಗುವುದರಿಂದ. ನನ್ನ ಗದರಿಕೆಯಲ್ಲಿ ಏನು ನಿಲ್ಲಿಸಬೇಕು, ಏನು ಮಾಡಬೇಕು ಎರಡೂ ಇರಲಿಲ್ಲ. ಬರೀ ಸಿಟ್ಟಿತ್ತು.

ಶಿಕ್ಷಕರ ಒಳಗೆ ಏಳುವ ಭಾವವೇ ಮಗುವಿನ ಉದ್ದೇಶದ ಸುಳಿವು ಎನ್ನುತ್ತಾರೆ ರುಡಾಲ್ಫ್ ಡ್ರೈಕರ್ಸ್. ಕಿರಿಕಿರಿ ಅನ್ನಿಸಿದರೆ ಮಗು ಗಮನ ಬೇಡುತ್ತಿದೆ, ಸವಾಲೆಸೆದಂತೆ ಅನ್ನಿಸಿದರೆ ಮೇಲುಗೈಗೆ ಹೊರಟಿದೆ. ನನಗೆ ಸವಾಲೇ ಅನ್ನಿಸಿತ್ತು, ಹಾಗೇ ಬರೆದೆ. ಆದರೆ ಮರುದಿನ ಪಕ್ಕ ಕೂತು ವಿಚಾರಿಸಿದಾಗ ಹುಡುಗ ಹೇಳಿದ್ದೇ ಬೇರೆ: "ಹುಳ ನಾಲ್ಕನೇ ಜ್ವರ ಎದ್ದವೆ ಮಿಸ್. ರಾತ್ರಿಯೆಲ್ಲ ಸೊಪ್ಪು ಹಾಕ್ಬೇಕು. ನಿದ್ದೆ ಬರ್ದಿರ್ಲಿ ಅಂತ ಬಡೀತಿದ್ದೆ."

ರೇಷ್ಮೆಹುಳು ತನ್ನ ಆಯುಷ್ಯದ ಸೊಪ್ಪಿನಲ್ಲಿ ಬಹುಪಾಲು ತಿನ್ನುವುದು ಈ ಕೊನೆಯ ಹಂತದ ಒಂದು ವಾರದಲ್ಲಿ. ಆಗ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಡ್ರೈಕರ್ಸ್ ಸೂತ್ರ ನನ್ನ ಸಿಟ್ಟನ್ನು ತೋರಿಸಿತ್ತು, ಅವನ ರಾತ್ರಿಯನ್ನಲ್ಲ.

ಅಂದಿನಿಂದ ಬೋರ್ಡಿನ ಮೇಲೆ ಒಂದು ಹೆಜ್ಜೆ ಬರೆದು ತಿರುಗುತ್ತಿದ್ದೆ. ಮುಂದಿನ ಹೆಜ್ಜೆಯನ್ನು ಮಕ್ಕಳು ಬರೆಯುವಾಗ ಬೆಂಚುಗಳ ನಡುವೆ ಓಡಾಡುತ್ತಿದ್ದೆ. ಅವನಿಗೆ ಪುಸ್ತಕ ಹಂಚುವ ಕೆಲಸ ಕೊಟ್ಟೆ. ಎದ್ದು ಓಡಾಡುವಾಗ ತೂಕಡಿಕೆ ಹತ್ತಿರ ಸುಳಿಯುತ್ತಿರಲಿಲ್ಲ. ಹುಳ ಚಂದ್ರಿಕೆ ಏರಿದ ಮೇಲೆ ಬಾಕ್ಸಿನ ಸದ್ದೂ ನಿಂತಿತು. ಹಾಗಾಗಿ ಅದು ನನ್ನ ಉಪಾಯದಿಂದ ನಿಂತಿತೋ, ಅವನ ನಿದ್ದೆಯಿಂದಲೋ ಎಂದು ಒಂದೇ ಬೆಳೆಯಲ್ಲಿ ತೀರ್ಮಾನಿಸಲಾಗದು. ಅದನ್ನೂ ಕೇಸ್ ಸ್ಟಡಿಯಲ್ಲಿ ಬರೆದೆ. ಪಕ್ಕದಲ್ಲಿ ಮುಂದಿನ ಹುಳ ಅವನ ಮನೆಗೆ ಬರುವ ದಿನವನ್ನು ಗುರುತು ಹಾಕಿಕೊಂಡೆ.